ನಾಲ್ಕು ರೂಪಾಯಿ ಕಡಿಮೆ ಬಿದ್ದ ಚೀಟಿ

ಹೆಚ್ಚು ದುಡ್ಡು ಕೇಳಿದರೆಂದು ಜಗಳ ಕಾಯುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನೇ ಕಾದಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು, ಅಣ್ಣಿಗೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ನನ್ನಿಂದ ಯಾಕೆ ಕಡಿಮೆ ತೆಗೆದುಕೊಂಡಿರಿ ಎಂದು ಮ್ಯಾನೇಜರರ ಮೇಜಿನ ಮುಂದೆ ನಿಂತು ಕೇಳಿದ ಮನುಷ್ಯನನ್ನು ಈ ಜನ್ಮದಲ್ಲಿ ಒಬ್ಬನನ್ನೇ ನೋಡಿದ್ದು. ಅವನ ಹೆಸರು ಹನಮಪ್ಪ. ಅವನ ಬಾಜು ಮಳಿಗೆಯಲ್ಲಿ ಒಂಬತ್ತು ವರ್ಷ ಹೊಲಿಗೆ ಮಷಿನ್ ತುಳಿದವಳು ನಾನು, ನೀಲಕ್ಕ. ಈ ಸಂಗತಿಯನ್ನು ಬೇರೆ ಯಾರಾದರೂ ಹೇಳಹೊರಟರೆ ನಾನು ಬಾಯಿ ಮುಚ್ಚಿಕೊಂಡು ಕೇಳುವವಳಲ್ಲ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ.

ನಮ್ಮ ಕಾಂಪ್ಲೆಕ್ಸ್ ಇದ್ದದ್ದು ಗದಗ ರಸ್ತೆಗೆ ಮುಖ ಮಾಡಿ. ಕೆಳಗೆ ಹತ್ತು ಮಳಿಗೆ, ಮೇಲೆ ನಾಲ್ಕು. ಕಟ್ಟಿಸಿದ ಸಾಹುಕಾರರು ಹುಬ್ಬಳ್ಳಿಯಲ್ಲಿದ್ದರು. ವರ್ಷಕ್ಕೆ ಎರಡು ಸಲ ಕಾರಿನಲ್ಲಿ ಬಂದು, ಇಳಿಯದೆ, ಗಾಜು ಇಳಿಸಿ ನೋಡಿ ಹೋಗುತ್ತಿದ್ದರು. ಎಲ್ಲ ಕಾರಭಾರ ಮ್ಯಾನೇಜರ್ ಮಡಿವಾಳೆಪ್ಪನವರದು. ಮೊದಲು ದಲಾಲಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವರು. ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಂಡು ಕೂತಿರುತ್ತಿದ್ದರು. ಒಂದು ಪೈಸೆ ತಿಂದವರಲ್ಲ, ಒಂದು ಪೈಸೆ ಬಿಟ್ಟವರೂ ಅಲ್ಲ. ಅವರ ಮೇಜಿಗೆ ಹತ್ತಿಕೊಂಡು, ಕಲ್ಲಿನ ಕಟ್ಟೆಯ ಮೇಲೆ, ನಳ ಇಟ್ಟ ದೊಡ್ಡದೊಂದು ತಾಮ್ರದ ಹಂಡೆ. ಸರಪಳಿಗೆ ಕಟ್ಟಿದ ಸ್ಟೀಲ್ ಗ್ಲಾಸು. ನಮ್ಮಲ್ಲಿ ಬೋರಿನ ನೀರು ಸವಳು, ಬಾಯಿಗೆ ಇಡಲಾಗುವುದಿಲ್ಲ. ಸಿಹಿನೀರು ಕೆರೆಯಿಂದ ಬ್ಯಾರಲ್ ಗಾಡಿಯಲ್ಲಿ ಬರಬೇಕು. ದಿನಾ ಮುಂಜಾನೆ ಗಾಡಿಯವನು ಬಂದು ಆ ಹಂಡೆ ತುಂಬಿಸಿ ಹೋಗುತ್ತಿದ್ದ. ಹದಿನಾಲ್ಕು ಮಳಿಗೆಯವರೂ ಗಿರಾಕಿಗಳೂ ಅದೇ ನೀರು ಕುಡಿಯುತ್ತಿದ್ದೆವು. ಹಾಗೆಂದು ನಾನು ತಿಳಿದಿದ್ದೆ.

ಹನಮಪ್ಪ ಬಂದದ್ದು ಎಂಬತ್ನಾಲ್ಕರಲ್ಲಿ. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ ಅವನದು. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ತನ್ನದೇ ಬೋರ್ಡು ಹಾಕಬೇಕೆಂದು ಊರಿಗೆ ಬಂದಿದ್ದ. ಊರ ಹೊರಗಿನ ಕೇರಿಯವನು. ಅವನ ಕೇರಿಯಿಂದ ಕಾಂಪ್ಲೆಕ್ಸಿನಲ್ಲಿ ಮಳಿಗೆ ಹಿಡಿದ ಮೊದಲನೆಯವನು. ಸಾಹುಕಾರರಿಗೆ ಬಾಡಿಗೆ ಬಂದರೆ ಸಾಕಿತ್ತು, ಕೊಟ್ಟರು. ಗಿರಣಿ ಮೋಟರಿಗೆ, ಪಂಪಿನ ಮೋಟರಿಗೆ ತ್ರೀ ಫೇಜ್ ಕರೆಂಟು ಬೇಕಲ್ಲ, ಆ ಲೈನಿಗಾಗಿ ಏಳು ತಿಂಗಳು ಅಲೆದು, ಹೆಂಡತಿ ಮರೆವ್ವನ ಬಳೆ ಅಡವಿಟ್ಟು, ಅಂತೂ ತನ್ನ ಮಳಿಗೆಗೆ ಎಳೆಸಿಕೊಂಡ. ಆ ಮಳಿಗೆ ಬಿಟ್ಟರೆ ಅವನಿಗೆ ಆ ಲೈನೂ ಇಲ್ಲ, ಕಸುಬೂ ಇಲ್ಲ. ಮತ್ತೆ ಹುಬ್ಬಳ್ಳಿಯ ವರ್ಕ್‌ಶಾಪೇ ಗತಿ.

ಅವನ ಕೆಲಸ ನೋಡುವುದೇ ಒಂದು ಚಂದ. ಸುಟ್ಟ ಮೋಟರು ಬಂತೆಂದರೆ ಹಳೆ ತಂತಿಯನ್ನು ಕಿತ್ತು ಬಿಸಾಡುತ್ತಿರಲಿಲ್ಲ. ಒಂದೊಂದೇ ಸುತ್ತು ಬಿಡಿಸಿ, ತುಟಿ ಅಲುಗಿಸುತ್ತ ಎಣಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಯಾವ ಕಂಪನಿ, ಎಷ್ಟು ಹಾರ್ಸ್ ಪವರ್, ಯಾವ ಗೇಜಿನ ತಂತಿ, ಎಷ್ಟು ಸುತ್ತು. ಅವನು ಎಣಿಸುವಾಗ ನಾನು ಮಾತಾಡಿಸಿದರೆ ಕೈ ಎತ್ತಿ ತಡೆಯುತ್ತಿದ್ದ. ಒಮ್ಮೆ ನನಗೆ ಸಿಟ್ಟು ಬಂದು, “ಏನ್ ಹನಮಪ್ಪಾ, ಒಂದೆರಡು ಸುತ್ತು ಹೆಚ್ಚು ಕಡಿಮಿ ಆದ್ರ ಮುಗಿಲು ಹರಕೊಂಡು ಬೀಳ್ತದೇನು?” ಎಂದೆ. ಅವನು ಎಣಿಕೆ ಮುಗಿಸಿ, ಬರೆದಿಟ್ಟು, ಆಮೇಲೆ ನಿಧಾನಕ್ಕೆ ಹೇಳಿದ. “ಮುಗಿಲು ಬೀಳೂದಿಲ್ರಿ ಅಕ್ಕಾರ. ಮೋಟರ್ ತಿರಗತೈತಿ. ಬಿಸಿ ಆಗಕೋತ ತಿರಗತೈತಿ. ಒಂದಿನ ಸುಟ್ಟ ಹೊಕ್ಕೈತಿ.” ಇಂಥ ಮನುಷ್ಯ.

ಎಂಬತ್ತಾರನೆಯ ಇಸವಿ, ಏಪ್ರಿಲ್ ತಿಂಗಳು. ನಾನು ಹಡೆದ ತಂಗಿಯನ್ನು ನೋಡಲೆಂದು ಗುಡಗೇರಿಗೆ ಹೊರಟಿದ್ದೆ. ಒಂದನೇ ತಾರೀಖಿಗೆ ಮೆಂಟೆನನ್ಸ್ ಕಟ್ಟಬೇಕು. ತಪ್ಪಿದರೆ ಮಡಿವಾಳೆಪ್ಪನವರು ಬಾಯಿ ಬಿಟ್ಟು ಬೈಯುವುದಿಲ್ಲ, ಕನ್ನಡಕದ ಮೇಲಿನಿಂದ ನೋಡುತ್ತಾರೆ, ಅದಕ್ಕಿಂತ ಬೈಸಿಕೊಳ್ಳುವುದೇ ಹಿತ. ಇಪ್ಪತ್ತೈದು ರೂಪಾಯಿ ಹನಮಪ್ಪನ ಕೈಗೆ ಕೊಟ್ಟು, ನನ್ನದೂ ಕಟ್ಟಿಬಿಡು ಎಂದು ಹೇಳಿ ರೈಲು ಹತ್ತಿದೆ. ಮೂರು ದಿನ ಬಿಟ್ಟು ಬಂದು ನೋಡಿದರೆ, ಹನಮಪ್ಪ ಎರಡು ಚೀಟಿ ಎದುರಿಗೆ ಇಟ್ಟುಕೊಂಡು ಕೂತಿದ್ದಾನೆ. ಕೆಲಸ ಮಾಡುತ್ತಿಲ್ಲ.

“ಅಕ್ಕಾರ, ನಿಮಗ ಪ್ರತಿ ತಿಂಗಳ ಇಪ್ಪತ್ತೈದ ಏನ್ರಿ?”

“ಹೌದು. ನಿಂಗೆಷ್ಟು?”

“ಇಪ್ಪತ್ತೊಂದು. ಬಂದಾಗಿಂದ ನಂದು ನಿಮಗಿಂತ ನಾಕ ರೂಪಾಯಿ ಕಡಿಮಿ ಇದ್ದಂಗ ಕಾಣತೈತಿ.”

ಅಯ್ಯೋ ಶಿವನೇ, ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಎರಡೂ ಒಂದೇ ಅಳತೆಯ ಮಳಿಗೆ, ಒಂದೇ ಕಟ್ಟೆ, ಒಂದೇ ಕಸಬರಿಗೆ. ಇವನಿಗೆ ಕಡಿಮೆ, ನನಗೆ ಹೆಚ್ಚು! ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟೆ. ಹನಮಪ್ಪನೂ ಎದ್ದು ಹಿಂದೆ ಬಂದ. ನನ್ನದು ಕಡಿಮೆ ಮಾಡಿಸಬೇಕೆಂದು ನಾನು ಹೊರಟಿದ್ದೆ. ಅವನೂ ನನ್ನ ಪರವಾಗಿ ಮಾತಾಡಲಿಕ್ಕೇ ಬರುತ್ತಿದ್ದಾನೆಂದು ತಿಳಿದೆ, ದಡ್ಡಿ ನಾನು.

ಮಡಿವಾಳೆಪ್ಪನವರು ನನ್ನ ಕೂಗಾಟವನ್ನೆಲ್ಲ ಕೇಳಿ, ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು, ನನಗೆ ಉತ್ತರ ಕೊಡದೆ ಹನಮಪ್ಪನ ಕಡೆ ತಿರುಗಿದರು. “ನಿಂದೇನಪಾ?”

“ನನಗ ಬಾಬತುವಾರು ಲೆಕ್ಕ ಬರದ ಕೊಡ್ರಿ. ಇಪ್ಪತ್ತೊಂದರಾಗ ಯಾವುದಕ್ಕ ಎಷ್ಟು, ಇಪ್ಪತ್ತೈದರಾಗ ಯಾವುದಕ್ಕ ಎಷ್ಟು.”

“ನಿಂದು ಕಡಿಮಿ ಐತಲ್ಲ, ಸುಮ್ನ ಇರು.”

“ಕಡಿಮಿ ಯಾಕ ಐತಿ ಅಂತನ ಕೇಳಾಕತ್ತೇನ್ರಿ.”

ಮಡಿವಾಳೆಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತೆರಡು ವರ್ಷದ ಲೆಕ್ಕದಲ್ಲಿ ಇಂಥ ತಕರಾರು ಅವರಿಗೆ ಬಂದಿರಲಿಲ್ಲವೆಂದು ಕಾಣುತ್ತದೆ. ಈ ಮೇಜಿಗೆ ಕೂತ ಮೂರು ವರ್ಷದಲ್ಲಿ ಯಾರೂ ಬಿಡಿ ಲೆಕ್ಕ ಕೇಳಿಲ್ಲ, ತಾನು ಯಾರ ದುಡ್ಡೂ ಮುಟ್ಟಿಲ್ಲ ಎಂದರು. ಹನಮಪ್ಪ ಮೆಲ್ಲಗೆ, “ನೀವು ತಿಂದೀರಿ ಅಂತ ನಾ ಅನ್ನಂಗಿಲ್ರಿ. ಬರದ ಕೊಡ್ರಿ ಸಾಕು” ಎಂದ. ನನಗೆ ಇನ್ನೂ ತಿಳಿದಿರಲಿಲ್ಲ. ಅವನಿಗೆ ಆಗಲೇ ತಿಳಿದಿತ್ತು ಎಂದು ಈಗ ಅನಿಸುತ್ತದೆ. ತಿಳಿದಿದ್ದರೂ, ಅದು ಕಾಗದದ ಮೇಲೆ ಬರಬೇಕಿತ್ತು ಅವನಿಗೆ.

ನಾಳೆ, ನಾಡಿದ್ದು ಎಂದು ಮಡಿವಾಳೆಪ್ಪನವರು ಒಂದು ವಾರ ತಳ್ಳಿದರು. ಹನಮಪ್ಪ ದಿನಾ ಮುಂಜಾನೆ ಮಳಿಗೆಯ ಶಟರ್ ಎತ್ತುವ ಮೊದಲು ಹೋಗಿ ಮೇಜಿನ ಮುಂದೆ ನಿಲ್ಲುತ್ತಿದ್ದ. ಕೂಗುತ್ತಿರಲಿಲ್ಲ, “ಲೆಕ್ಕ ಆತೇನ್ರಿ?” ಎಂದು ಕೇಳಿ ಬರುತ್ತಿದ್ದ. ಎಂಟನೆಯ ದಿನ ಅವರಿಗೆ ತಡೆಯಲಾಗಲಿಲ್ಲ. ಗೆರೆ ಹಾಕಿದ ದೊಡ್ಡ ಹಾಳೆಯ ಮೇಲೆ, ದುಂಡಗಿನ ಅಕ್ಷರದಲ್ಲಿ, ಹದಿನಾಲ್ಕು ಮಳಿಗೆಯ ಹೆಸರು ಬರೆದು ತಂದುಕೊಟ್ಟರು. ಕೆಟ್ಟ ಕೆಲಸವನ್ನೂ ಅಷ್ಟು ಚಂದ ಬರೆಯುವವರನ್ನು ನಾನು ನೋಡಿಲ್ಲ.

ಕಸ ಹೊಡೆಯುವವಳ ಪಗಾರ ಎಪ್ಪತ್ತು, ಮಳಿಗೆಗೆ ಐದು. ರಾತ್ರಿ ಪಹರೆಯವನಿಗೆ ನೂರಾ ನಲವತ್ತು, ಮಳಿಗೆಗೆ ಹತ್ತು. ಮೆಟ್ಟಿಲು, ಪಡಸಾಲೆಯ ದೀಪದ ಕರೆಂಟು ನಲವತ್ತೆರಡು, ಮಳಿಗೆಗೆ ಮೂರು. ಪಾಯಿಖಾನೆ, ಗಟಾರ, ಬೋರಿನ ಪಂಪು ಎಲ್ಲ ಸೇರಿ ನಲವತ್ತೆರಡು, ಮಳಿಗೆಗೆ ಮೂರು. ಅಲ್ಲಿಗೆ ಇಪ್ಪತ್ತೊಂದು. ಕೊನೆಯ ಬಾಬತು ‘ಸಿಹಿನೀರು’: ಗಾಡಿಯವನಿಗೆ ನಲವತ್ತು, ಹಂಡೆ ತೊಳೆಯುವುದಕ್ಕೆ, ಕಲಾಯಿಗೆ ಹನ್ನೆರಡು, ಒಟ್ಟು ಐವತ್ತೆರಡು. ಹದಿಮೂರು ಹೆಸರಿನ ಮುಂದೆ ನಾಲ್ಕು, ನಾಲ್ಕು, ನಾಲ್ಕು. ಹನಮಪ್ಪನ ಹೆಸರಿನ ಮುಂದೆ ಒಂದು ಅಡ್ಡಗೆರೆ.

ನಾನು ಆ ಅಡ್ಡಗೆರೆ ನೋಡುತ್ತ ನಿಂತೆ. ಆಮೇಲೆ ಎಲ್ಲ ಒಂದೊಂದಾಗಿ ನೆನಪಾಯಿತು. ಮರೆವ್ವ ದಿನಾ ಹನ್ನೊಂದು ಗಂಟೆಗೆ ಬುತ್ತಿಯ ಜೊತೆ ತಲೆಯ ಮೇಲೆ ಹೊತ್ತು ತರುತ್ತಿದ್ದ ಕೊಡ. ಅವನ ಗಿರಾಕಿಗಳಿಗೆ ಬಾಯಾರಿದರೆ ಅವನು ನನ್ನ ಕಡೆ ತಿರುಗಿ, ಅಕ್ಕಾರ, ಇವರಿಗೆ ಒಂದು ಗ್ಲಾಸ್ ನೀರು, ಎನ್ನುತ್ತಿದ್ದುದು. ನಾನು ಎದ್ದು ಹಂಡೆಯಿಂದ ತಂದುಕೊಡುತ್ತಿದ್ದುದು. ಗಿರಾಕಿಗೆ ಕೊಡುತ್ತಿದ್ದೆ, ಅವನಿಗಲ್ಲ. ಎರಡು ವರ್ಷ ಬಾಜುವಿನಲ್ಲಿ ಕೂತು, ಅವನು ಒಂದು ಸಲವೂ ಆ ನಳ ಮುಟ್ಟಲಿಲ್ಲವೆಂಬುದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಬಾಯಿ ಅಷ್ಟು ದೊಡ್ಡದು, ಕಣ್ಣು ಎಲ್ಲಿ ಇಟ್ಟಿದ್ದೆನೋ! ನನಗೆ ಎಂಥ ನಾಚಿಕೆಯಾಯಿತೆಂದರೆ ನೆಲ ಬಾಯಿ ಬಿಡಬಾರದೇ ಎನಿಸಿತು.

“ಇದು ಹೆಂಗ ಆತ್ರಿ ಕಾಕಾರ?” ಎಂದು ನಾನೇ ಕೇಳಿದೆ.

ಮಡಿವಾಳೆಪ್ಪನವರು ತಡವರಿಸಲಿಲ್ಲ. ತಾನು ತಪ್ಪು ಮಾಡಿದ್ದೇನೆಂದು ಅವರಿಗೆ ಅನಿಸಿಯೇ ಇರಲಿಲ್ಲ. ಹನಮಪ್ಪ ಬಂದ ವಾರವೇ ಬೀಜ ಗೊಬ್ಬರದ ಶಂಕ್ರಪ್ಪ, ಎರಡು ಮಳಿಗೆಯವನು, ಬಂದು ಹಂಡೆಯ ವಿಷಯ ತೆಗೆದನಂತೆ. ಇವರು ಹನಮಪ್ಪನನ್ನು, “ನೀರು ಮನಿಯಿಂದ ತರತಿಯಲ್ಲ?” ಎಂದು ಕೇಳಿದರಂತೆ. ಅವನು ಆ ದಿನ ತಂದಿದ್ದ, ಹೌದ್ರಿ ಎಂದ. ಅಲ್ಲಿಗೆ ಮುಗಿಯಿತು. ಯಾರೂ ಮುಟ್ಟಬೇಡ ಎನ್ನಲಿಲ್ಲ, ಯಾರೂ ಕುಡಿ ಎನ್ನಲೂ ಇಲ್ಲ.

“ಕುಡೀದ ನೀರಿಗೆ ನಾ ಹೆಂಗ ರೊಕ್ಕ ತಗೊಳ್ಳಲಿ?” ಎಂದರು ಮಡಿವಾಳೆಪ್ಪನವರು. “ಅದು ಪಾಪ ಅಲ್ಲೇನು? ಅದಕ್ಕ ನಾ ಮೊದಲನೇ ತಿಂಗಳದಿಂದ ಬಿಟ್ಟೇನಿ. ಸಾಹುಕಾರರಿಗೂ ಹೇಳಿಲ್ಲ. ನಿನಗ ಅನ್ಯಾಯ ಆಗಬಾರದು ಅಂತ ನಾನ ಮಾಡಿದ್ದು.”

ಅವರ ಕಣ್ಣು ನೋಡಿದೆ. ಸುಳ್ಳಿರಲಿಲ್ಲ. ಆ ಮನುಷ್ಯ ನಿಜವಾಗಿ ನ್ಯಾಯ ಮಾಡಿದ್ದೇನೆಂದೇ ನಂಬಿದ್ದರು.

ಹನಮಪ್ಪ ಹಾಳೆಯನ್ನು ಎರಡು ಸಲ ಓದಿದ. ಅಡ್ಡಗೆರೆಯ ಮೇಲೆ ಬೆರಳಿಟ್ಟ. “ಇಲ್ಲೆ ನಂದೂ ಬರೀರಿ.”

“ಯಾಕೋ ತಮ್ಮಾ, ನಾಕ ರೂಪಾಯಿ ಭಾರ ಆಗೇತೇನು ಕಿಸೆದಾಗ?”

“ಭಾರ ಆಗೇತ್ರಿ,” ಎಂದ ಹನಮಪ್ಪ. “ಎರಡ ವರ್ಷ ನನ್ನ ಕಿಸೆದಾಗ ಐತಿ ಅಂತ ನಂಗ ಗೊತ್ತಿರಲಿಲ್ಲ. ಈಗ ಗೊತ್ತಾತು. ತಗೋರಿ.”

ಸುದ್ದಿ ಸಂಜೆಯೊಳಗೆ ಮೇಲಿನ ಮಳಿಗೆಗಳಿಗೂ ಮುಟ್ಟಿತು. ಶಂಕ್ರಪ್ಪ ಕೆಟ್ಟವನೆಂದು ನಾನು ಹೇಳುವುದಿಲ್ಲ, ನನ್ನ ಮಗಳ ಲಗ್ನಕ್ಕೆ ಎರಡು ಚೀಲ ಗೋಧಿ ಸಾಲ ಕೊಟ್ಟವನು. ಆದರೆ ಈ ವಿಷಯದಲ್ಲಿ ಅವನು ಎಗರಿಬಿದ್ದ. ಹನಮಪ್ಪನ ಬಾಗಿಲಿಗೆ ಬಂದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ. “ಈ ತಿಂಗಳ ಮೂವತ್ತಕ್ಕ ನಿನ್ನ ಅಗ್ರಿಮೆಂಟ್ ಮುಗೀತೈತಿ, ನೆನಪೈತಿಲ್ಲೋ? ಹುಬ್ಬಳ್ಳಿಗೆ ನಾ ಒಂದ ಮಾತ ಹೇಳಿದ್ರ ನಿನ್ನ ಶಟರ್ ಕೆಳಗ. ಬ್ಯಾಡಾದ ಉಸಾಬರಿ ಮಾಡಬ್ಯಾಡ.” ನಾನು ಕತ್ತರಿ ಹಿಡಿದೇ ಹೊರಗೆ ಬಂದು, “ಶಂಕ್ರಪ್ಪಣ್ಣಾ, ಮುಂದ ನಡೀರಿ, ಇಲ್ಲೆ ಹೆಣ್ಮಕ್ಕಳು ಅಳತಿ ಕೊಡಾಕ ಬರ್ತಾರ” ಎಂದು ಗದರಿಸಿದೆ. ಹೋದ. ಹನಮಪ್ಪ ಮಾತ್ರ ತಲೆ ಎತ್ತದೆ ಕಾಯಿಲ್ ಸುತ್ತುತ್ತಿದ್ದ. ಎಣಿಕೆ ತಪ್ಪಿತೆಂದು ಕಾಣುತ್ತದೆ, ಇಡೀ ಕಾಯಿಲ್ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡಿದ.

ಮರುದಿನ ಮರೆವ್ವ ಕೊಡ ಇಳಿಸಿ ನನ್ನ ಹತ್ತಿರ ಬಂದು ಕೂತಳು. ಅವಳು ಕಡಿಮೆ ಮಾತಿನವಳು. ಆವತ್ತು ಅತ್ತಳು. “ಹೇಳ್ರಿ ಅಕ್ಕಾರ ಅವರಿಗೆ. ನಾ ನೀರ ಹೊರತೇನಿ. ನನ್ನ ತಲಿ ಏನ ಸವೆಯೂದಿಲ್ಲ. ಅಂಗಡಿ ಹೋದ್ರ ಮೂರ ಮಕ್ಕಳನ್ನ ಕಟಗೊಂಡ ಮತ್ತ ಹುಬ್ಬಳ್ಳಿ ಚಾಳಿನಾಗ ಹೆಂಗ ಇರೂಣು?” ನನಗೂ ಅದೇ ಸರಿ ಎನಿಸಿತು, ಸುಳ್ಳು ಯಾಕೆ ಹೇಳಲಿ. ಹೋಗಿ ಹೇಳಿದೆ. ಒಂದು ಗ್ಲಾಸ್ ನೀರಿಗೆ ಮಳಿಗೆ ಕಳೆದುಕೊಳ್ಳುತ್ತೀಯಾ ಎಂದೆ. ಪೊಲೀಸರಿಗೆ ಅರ್ಜಿ ಕೊಡು, ಅದಕ್ಕೆ ಕಾಯಿದೆ ಇದೆ, ಎಂದೂ ಹೇಳಿದೆ.

“ಪೊಲೀಸರು ಬಂದ್ರ ನೀರ ಕುಡಸ್ತಾರ್ರಿ, ಒಂದ ದಿನ,” ಎಂದ ಅವನು. “ನನಗ ಚೀಟಿ ಬೇಕು. ತಿಂಗಳಾ ತಿಂಗಳಾ ಬರೂ ಚೀಟಿ.” ಸ್ವಲ್ಪ ತಡೆದು, ಮರೆವ್ವನಿಗೆ ಕೇಳಿಸುವಂತೆ ಹೇಳಿದ. “ಬಾಡಿಗಿ ಎಲ್ಲರಷ್ಟ ಕೊಡತೇನಿ. ಪಹರೆದವಗ ಎಲ್ಲರಷ್ಟ ಕೊಡತೇನಿ. ಪಾಯಿಖಾನಿಗೂ ಎಲ್ಲರಷ್ಟ. ಅದರಾಗ ನಾ ಬರತೇನಿ, ಇದರಾಗ ಬರಂಗಿಲ್ಲ ಅಂದ್ರ ನಾ ಈ ಕಟ್ಟಡದಾಗ ಅರ್ಧಾ ಅದೇನಿ. ಅರ್ಧಾ ಮನಶ್ಯಾ ಆಗಿ ಮಕ್ಕಳ ಮುಂದ ಹೆಂಗ ಕುಂಡ್ರಲಿ?”

ಮರೆವ್ವ ಸೆರಗಿನಿಂದ ಮುಖ ಒರೆಸಿಕೊಂಡು ಬುತ್ತಿ ಬಿಚ್ಚಿದಳು. ನಾನು ಬಾಯಿ ಮುಚ್ಚಿಕೊಂಡು ಹೋಗಿ ಮಷಿನ್ ತುಳಿದೆ. ಅಪರೂಪಕ್ಕೆ.

ಶನಿವಾರ ಮಧ್ಯಾಹ್ನ ಮಡಿವಾಳೆಪ್ಪನವರು ಎಲ್ಲ ಬಾಡಿಗೆದಾರರನ್ನೂ ಮೆಟ್ಟಿಲ ಕೆಳಗೆ ಕರೆದರು. ಬಿಸಿಲಿಗೆ ಪಡಸಾಲೆಯ ಫರಸಿ ಕಾದಿತ್ತು. ಶಂಕ್ರಪ್ಪ ಎದೆಯ ಮೇಲೆ ಕೈಕಟ್ಟಿ ಮುಂದೆಯೇ ನಿಂತ. ಹನಮಪ್ಪ ತನ್ನ ಅಗ್ರಿಮೆಂಟನ್ನು, ಆ ಸ್ಟಾಂಪ್ ಕಾಗದವನ್ನು, ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. “ಆರನೇ ಕಲಮು ಓದ್ರಿ.”

ಮಡಿವಾಳೆಪ್ಪನವರು ಓದಿದರು. ಕಟ್ಟಡದ ಸಾಮಾನ್ಯ ಖರ್ಚನ್ನು ಎಲ್ಲ ಬಾಡಿಗೆದಾರರೂ ಸಮಪಾಲಾಗಿ ಭರಿಸತಕ್ಕದ್ದು. ಓದಿ, ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಅವರ ತುಟಿ ಅಲುಗುತ್ತಿದ್ದುದು ಕಾಣುತ್ತಿತ್ತು. ಆ ಕಾಗದ ಬರೆದವರು ಅವರೇ, ಕೆಳಗೆ ಸಾಕ್ಷಿ ಸಹಿ ಅವರದೇ.

“ಇದರಾಗ ಕುಡದವರು ಕೊಡಬೇಕು, ಕುಡೀದವರು ಬಿಡಬೇಕು ಅಂತ ಐತೇನ್ರಿ?” ಎಂದು ಕೇಳಿದ ಹನಮಪ್ಪ.

“ಇಲ್ಲ.”

“ಮತ್ತ ನನ್ನ ಹೆಸರಿನ ಮುಂದ ಗೆರಿ ಹೆಂಗ ಬಂತ್ರಿ?”

ಪಾಪ ಪುಣ್ಯ ಎಂದಾಗ ನೆಟ್ಟಗೆ ಕೂತಿದ್ದ ಮನುಷ್ಯ, ಬರೆದ ಕಲಮಿಗೆ ತಪ್ಪಿ ಲೆಕ್ಕ ಮಾಡಿದ್ದೇನೆಂದು ತಿಳಿದಾಗ ಕುಗ್ಗಿಹೋದರು. “ಎಪ್ಪಾ ಶಿವನ,” ಎಂದರು, “ಎರಡ ವರ್ಷ ಲೆಕ್ಕ ತಪ್ಪ ಬರದೇನಿ.” ಅವರಿಗೆ ಬೇರೆ ಯಾವುದು ತಾಗುತ್ತಿತ್ತೋ ಗೊತ್ತಿಲ್ಲ, ಇದು ತಾಗಿತು. ಹಳೆ ಹಾಳೆ ಹರಿದು ಹೊಸದನ್ನು ತೆಗೆದುಕೊಂಡರು. ಐವತ್ತೆರಡನ್ನು ಹದಿನಾಲ್ಕರಿಂದ ಭಾಗಿಸಿದರು. ಮೂರು ರೂಪಾಯಿ ಎಪ್ಪತ್ತೊಂದು ಪೈಸೆ. “ಎಲ್ಲಾರ ಚೀಟಿ ಇನ್ನ ಮ್ಯಾಲ ಇಪ್ಪತ್ನಾಕ ರೂಪಾಯಿ ಎಪ್ಪತ್ತೊಂದ ಪೈಸೆ. ಆರ ಪೈಸೆ ಖೋತಾ ಬೀಳತೈತಿ. ಅದು ನನ್ನ ಕಿಸೆದಿಂದ.”

ನಾನು ಬಿಡುತ್ತೇನೆಯೇ? “ಕೇಳಿದ್ರ್ಯಾ ಎಲ್ಲಾರೂ? ಹನಮಪ್ಪ ಜಗಳಾ ತಗದಿದ್ದಕ್ಕ ನಿಮಗೆಲ್ಲಾ ತಿಂಗಳಕ್ಕ ಇಪ್ಪತ್ತೊಂಬತ್ತ ಪೈಸೆ ಉಳೀತು! ಶಂಕ್ರಪ್ಪಣ್ಣಾ, ನಿಮಗ ಎರಡ ಮಳಿಗಿ, ಐವತ್ತೆಂಟ ಪೈಸೆ! ಚಾ ಕುಡಿಸ್ರಿ ಅವಗ!” ಮೇಲಿನ ಮಳಿಗೆಯವರು ಕಿಸಕ್ಕನೆ ನಕ್ಕರು. ಶಂಕ್ರಪ್ಪ ನಗಲಿಲ್ಲ.

ಹನಮಪ್ಪ ಕಿಸೆಯಿಂದ ಮೂರು ರೂಪಾಯಿ ಎಪ್ಪತ್ತೊಂದು ಪೈಸೆ ತೆಗೆದು, ಚಿಲ್ಲರೆ ಎಣಿಸಿ ಮೇಜಿನ ಮೇಲಿಟ್ಟ. ಮಡಿವಾಳೆಪ್ಪನವರು ಬರೆದರು: ‘ಏಪ್ರಿಲ್ ತಿಂಗಳ ಸಿಹಿನೀರಿನ ಪಾಲು ಮುಟ್ಟಿತು.’ ಸಹಿ ಹಾಕಿ ಕೊಟ್ಟರು. ಅವನು ಚೀಟಿ ಓದಿ, ಮಡಚಿ ಅಂಗಿಯ ಕಿಸೆಯಲ್ಲಿಟ್ಟು, ಅಲ್ಲಿಂದ ಮೂರು ಹೆಜ್ಜೆ ನಡೆದು ನಳ ತಿರುಗಿಸಿದ. ಗ್ಲಾಸು ತುಂಬುವ ಸದ್ದು ನಮಗೆಲ್ಲ ಕೇಳಿಸಿತು. ಗಟಗಟ ಕುಡಿಯಲಿಲ್ಲ. ನಿಧಾನವಾಗಿ, ಪೂರಾ ಕುಡಿದ. ಗ್ಲಾಸು ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೋಗಿ ಕೆಲಸಕ್ಕೆ ಕೂತ.

ಅವನ ನಂತರ ಯಾರು? ಎಲ್ಲರೂ ಹಂಡೆಯನ್ನು ನೋಡುತ್ತ ನಿಂತರು. ನನಗೆ ನೀರಡಿಸಿತ್ತು. ಆದರೂ ಒಂದು ಗಳಿಗೆ ಕಾಲು ಏಳಲಿಲ್ಲ. ಅಷ್ಟು ಬಾಯಿ ಮಾಡಿದವಳು, ಕತ್ತರಿ ಹಿಡಿದು ಅವನ ಪರ ನಿಂತವಳು, ಆ ಒಂದು ಗಳಿಗೆ ನಾನೂ ನಿಂತೆ. ಇದನ್ನು ಮುಚ್ಚಿಟ್ಟರೆ ನಾನು ಹೇಳಿದ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂದು, ಹೋಗಿ ಅದೇ ಗ್ಲಾಸಿನಲ್ಲಿ ಹಿಡಿದು ಎರಡು ಗ್ಲಾಸ್ ಕುಡಿದೆ. ಹಿಂದಿನಿಂದ ಒಬ್ಬೊಬ್ಬರೇ ಬಂದರು. ಕೆಲವರು ಬರಲಿಲ್ಲ.

ಶಂಕ್ರಪ್ಪ ತನ್ನ ಅಂಗಡಿಯೊಳಗೆ ಬೇರೆ ಮಣ್ಣಿನ ಹರವಿ ಇಡಿಸಿದ. ಮೇ ಒಂದನೇ ತಾರೀಖಿಗೆ ಬಂದು, ತಾನು ಆ ಹಂಡೆಯ ನೀರು ಕುಡಿಯುವುದಿಲ್ಲ, ತನ್ನ ಎರಡು ಪಾಲು ಬಿಡಬೇಕು ಎಂದ. ಮಡಿವಾಳೆಪ್ಪನವರು ತಲೆ ಎತ್ತಲಿಲ್ಲ. “ಆರನೇ ಕಲಮು. ಸಮಪಾಲು. ಕುಡೀರಿ, ಬಿಡ್ರಿ, ಅದು ನಿಮ್ಮ ಖುಷಿ.” ಅವನು ಗೊಣಗುತ್ತ ಕಟ್ಟಿದ. ಆವತ್ತು ನಾನು ಮನೆಗೆ ಹೋಗಿ ಹೋಳಿಗೆ ಮಾಡಿದೆ, ಹಬ್ಬ ಯಾವುದೂ ಇರಲಿಲ್ಲ.

ಆದರೆ ನಾನು ಮುಂದೆ ಓಡಿದೆ. ಏಪ್ರಿಲ್ ಮೂವತ್ತರ ಸಂಗತಿ ಉಳಿದಿದೆ. ಶಂಕ್ರಪ್ಪ ಹುಬ್ಬಳ್ಳಿಗೆ ಮಾತು ಮುಟ್ಟಿಸಿದ್ದು ನಿಜ. ಸಾಹುಕಾರರು ಮಡಿವಾಳೆಪ್ಪನವರನ್ನು ಕರೆಸಿದ್ದೂ ನಿಜ. ಅವರು ಹೋದ ದಿನ ಹನಮಪ್ಪ ಒಂದು ಹೊಸ ಮೋಟರನ್ನೂ ಬಿಚ್ಚಲಿಲ್ಲ. ಮುಗಿದಿದ್ದ ಕೆಲಸಗಳನ್ನೆಲ್ಲ ಗಿರಾಕಿಗಳಿಗೆ ತಲುಪಿಸಿ, ಸಾಮಾನುಗಳನ್ನು ಒರೆಸಿ ಒಂದು ಕಡೆ ಜೋಡಿಸಿದ. ಹೊರಡುವವರ ಹಾಗೆ. ಮರೆವ್ವ ಬುತ್ತಿ ತಂದವಳು ಹೋಗಲೇ ಇಲ್ಲ, ಶಟರಿನ ಪಕ್ಕ ಕೂತುಬಿಟ್ಟಳು. ನನ್ನ ಹೊಲಿಗೆ ಆವತ್ತು ಪೂರಾ ಸೊಟ್ಟ.

ಸಂಜೆ ಐದಕ್ಕೆ ಮಡಿವಾಳೆಪ್ಪನವರು ಬಸ್ಸಿಳಿದು, ಧೂಳು ಬೆವರು ಒಂದಾಗಿ, ಸೀದಾ ಹನಮಪ್ಪನ ಮಳಿಗೆಗೇ ಬಂದರು. ಸ್ಟೂಲು ಎಳೆದುಕೊಂಡು ಕೂತು, ಚೀಲದಿಂದ ಹೊಸ ಸ್ಟಾಂಪ್ ಕಾಗದ ತೆಗೆದರು. ಹನಮಪ್ಪ ಎದ್ದು ನಿಂತ.

“ಸಾಹುಕಾರರು ಏನಂದ್ರು?”

“ಏನಂತಾರ? ‘ಬಾಡಿಗಿ ಬಾಕಿ ಐತೇನು?’ ಅಂತ ಕೇಳಿದ್ರು. ಇಲ್ಲ ಅಂದೆ. ‘ಲೆಕ್ಕದಾಗ ತಪ್ಪು ಯಾರದು?’ ಅಂದ್ರು. ನಂದು ಅಂದೆ. ‘ಮತ್ತ ಅವನ್ನ ಯಾಕ ಬಿಡಸೂದು?’ ಅಂದ್ರು.” ಕಾಗದವನ್ನು ಮೋಟರಿನ ಮೇಲೆ ಬಿಡಿಸಿ, ಪೆನ್ನು ಜಾಡಿಸಿದರು. “ಹನ್ನೊಂದ ತಿಂಗಳ. ಈ ಸಲ ಆರನೇ ಕಲಮಿನಾಗ ಬಾಬತು ಎಲ್ಲಾ ಬಿಡಿಸಿ ಬರೀತೇನಿ. ಕಸ, ಪಹರೆ, ದೀಪ, ಗಟಾರ, ಕುಡಿಯೂ ನೀರು. ಸರಿ ಐತಿಲ್ಲೋ?”

ಹನಮಪ್ಪ ತಲೆಯಾಡಿಸಿದ. ಮರೆವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮಡಿವಾಳೆಪ್ಪನವರು ಎರಡು ಸಾಲು ಬರೆದು ನಿಲ್ಲಿಸಿದರು. ವಿಭೂತಿ ಬೆವರಿಗೆ ಇಳಿದು ಹುಬ್ಬಿನ ಮೇಲೆ ಬಂದಿತ್ತು. ಟವೆಲಿನಿಂದ ಕತ್ತು ಒರೆಸಿಕೊಂಡು, ಕಾಗದದಿಂದ ಕಣ್ಣು ತೆಗೆಯದೆ, ಮನೆಯಲ್ಲಿ ತಮ್ಮನಿಗೆ ಹೇಳುವ ಹಾಗೆ ಹೇಳಿದರು.

“ಹನಮಪ್ಪಾ, ಗಂಟಲಾ ಒಣಗೇತಿ ನೋಡು. ಹಂಡೆದಾಗಿಂದ ಒಂದ ಗ್ಲಾಸ್ ನೀರ ತಗೊಂಬಾ.”

ಆ ಕಟ್ಟಡದಲ್ಲಿ ಎರಡು ವರ್ಷದಲ್ಲಿ ಅವನ ಕೈಯಿಂದ ಯಾರೂ ನೀರು ಕುಡಿದಿರಲಿಲ್ಲ. ಅವನು ಒಂದು ಕ್ಷಣ ನಿಂತು, ಸರಪಳಿಯ ಗ್ಲಾಸು ಇಲ್ಲಿಯತನಕ ಬರುವುದಿಲ್ಲವೆಂದು ನನ್ನ ಮಳಿಗೆಯಿಂದ ನನ್ನ ಲೋಟ ತೆಗೆದುಕೊಂಡು, ನಡೆಯಲಿಲ್ಲ, ಓಡಿದ. ನಲವತ್ತು ದಾಟಿದ ಗಂಡಸು, ಪಡಸಾಲೆಯಲ್ಲಿ ಹುಡುಗನ ಹಾಗೆ ಓಡಿದ. ತುಂಬಿ ತಂದ. ಮಡಿವಾಳೆಪ್ಪನವರು ಎಡಗೈಯಲ್ಲಿ ಕಾಗದ ಒತ್ತಿಹಿಡಿದು, ಬಲಗೈಯಲ್ಲಿ ಲೋಟ ಎತ್ತಿ, ಕಣ್ಣು ಮುಚ್ಚಿ ಕುಡಿದು, ಖಾಲಿ ಲೋಟ ಅವನ ಕೈಗೇ ಕೊಟ್ಟು ಮತ್ತೆ ಬರೆಯತೊಡಗಿದರು.

ನಾನು ಅಳುವವಳಲ್ಲ. ಸೂಜಿಗೆ ದಾರ ಪೋಣಿಸುವ ನೆಪ ಮಾಡಿಕೊಂಡು ಬೆಳಕಿನ ಕಡೆ ತಿರುಗಿದೆ. ಆ ಮನುಷ್ಯನ ಬಾಜು ಮಳಿಗೆ ನನ್ನದು ಎಂಬ ಹೆಮ್ಮೆಗೆ ನನ್ನ ಎದೆ ಒಡೆದುಹೋಗುವಷ್ಟು ತುಂಬಿತ್ತು. ದಾರ ಮಾತ್ರ ಸೂಜಿಯ ಕಣ್ಣಿಗೆ ಸಿಗಲೇ ಇಲ್ಲ.